ಕಿನುಯೊ ಮಾಡಿದ ಬಿಳಿ ಡಬ್ಬಿ

ಕಿನುಯೊ ಸುಗಿಮೊರಿ ಮೂವತ್ತಾರು ವರ್ಷ ಮದ್ದಿನ ಡಬ್ಬಿಗಳ ಮೇಲೆ ಚಿತ್ರ ಬರೆದವಳು. ಬರೆದವಳು ಎನ್ನುವುದಕ್ಕಿಂತ ಅಳಿಸಿದವಳು ಎಂದರೆ ಸರಿಯಾದೀತು. ಜಪಾನಿನ ತೊಯಾಮಾ ಪಟ್ಟಣದ ಅಂಚಿನಲ್ಲಿ, ಹೊಳೆಯ ಪಕ್ಕದ ರಟ್ಟಿನ ಡಬ್ಬಿಗಳ ಮುದ್ರಣಾಲಯದಲ್ಲಿ ಎರಡನೇ ಮಹಡಿಯ ಕಿಟಕಿಯ ಮೇಜು ಅವಳದು. ಕೆಳಗೆ ಯಂತ್ರಗಳು ದಿನವಿಡೀ ಹೊಟ್ಟೆನೋವಿನ, ನೆಗಡಿಯ, ತಲೆಶೂಲೆಯ ಡಬ್ಬಿಗಳನ್ನು ಉಗುಳುತ್ತಿದ್ದರೆ ಮೇಲೆ ಅವಳು ಒಂದೊಂದು ಗೆರೆಯನ್ನೂ ಹಿಡಿದು ವಿಚಾರಣೆ ಮಾಡುತ್ತಿದ್ದಳು. ಈ ಕಥೆ ನಡೆದ ವರ್ಷ ಅವಳಿಗೆ ಐವತ್ತೊಂಬತ್ತು. ಮಾರ್ಚ್ ತಿಂಗಳಿಗೆ ನಿವೃತ್ತಿ. ಕಣ್ಣು ಉರಿಯುತ್ತಿತ್ತು, ಮೆಟ್ಟಿಲು ಹತ್ತಿದರೆ ಮೊಣಕಾಲು ಗೊಣಗುತ್ತಿತ್ತು, ಮಧ್ಯಾಹ್ನದ ಊಟಕ್ಕೆ ತಂದ ಅನ್ನದುಂಡೆಯನ್ನು ಸಂಜೆ ಬಸ್ಸಿನಲ್ಲಿ ತಿನ್ನುವುದು ರೂಢಿಯಾಗಿಬಿಟ್ಟಿತ್ತು.

ಮದ್ದಿನ ಡಬ್ಬಿಯ ಕೆಲಸದಲ್ಲಿ ಒಂದು ನೆಮ್ಮದಿಯುಂಟು. ಏನು ಬರೆಯಬೇಕೆಂದು ಸರ್ಕಾರ ಒಪ್ಪಿ ಕೊಟ್ಟಿರುತ್ತದೆ. ಅದನ್ನು ಚಾಚೂ ತಪ್ಪದೆ ಅಚ್ಚು ಹಾಕಿದರೆ ಮುಗಿಯಿತು. ತಲೆ ತಿನ್ನುವುದು ಮದ್ದಲ್ಲದ ಗುಳಿಗೆಗಳು. ಬೆಳ್ಳುಳ್ಳಿ, ಅರಿಶಿನ, ಮೀನೆಣ್ಣೆ ಇತ್ಯಾದಿಗಳನ್ನು ಒತ್ತಿ ಗುಳಿಗೆ ಮಾಡಿ ಮಾರುವ ಈ ಸರಕು ಕಾನೂನಿನ ಕಣ್ಣಿಗೆ ಬರೀ ತಿನ್ನುವ ಪದಾರ್ಥ. ಇದು ನೋವು ಕಳೆಯುತ್ತದೆ ಎಂದು ಬರೆಯುವಂತಿಲ್ಲ. ಬರೆಯದೆ ಚಿತ್ರದಲ್ಲಿ ಹೇಳುವಂತೆಯೂ ಇಲ್ಲ. ‘ಊಟವಾದ ಮೇಲೆ ಎರಡು’ ಎಂದು ಹೊತ್ತು ಗೊತ್ತು ಮಾಡಿದರೂ ಅದು ಮದ್ದಿನ ಮಾತಾಗುತ್ತದೆ. ‘ದಿನಕ್ಕೆ ಸುಮಾರು ಆರು’ ಎಂದಷ್ಟೇ ಹೇಳಿ ಸುಮ್ಮನಾಗಬೇಕು.

ಎರಡು ವರ್ಷದ ಹಿಂದೆ ಮೊಮೊಶಿಮಾ ಎಂಬ ಹಳೆಯ ಮದ್ದಿನ ಮನೆತನದವರು ‘ಕೊಹಾರು’ ಎಂಬ ಗುಳಿಗೆ ತಂದರು. ಒಳಗಿರುವುದು ಕರಿ ಎಳ್ಳು ಮತ್ತು ಶುಂಠಿ. ಮನೆತನದ ಐದನೆಯ ತಲೆಮಾರಿನವನು, ಮೂವತ್ತೊಂಬತ್ತರ ಯಜಮಾನ, ಮೊದಲ ದಿನವೇ ಡಬ್ಬಿಯ ಮೇಲೆ ಹೊಳೆಯುವ ಮೊಣಕಾಲು ಬೇಕು ಅಂದ.

“ಮೊಣಕಾಲು ಆಗಲ್ಲ ಮೊಮೊಶಿಮಾ-ಸಾನ್.”

“ಹಾಗಾದ್ರೆ ಮೆಟ್ಲು ಹತ್ತೋ ಅಜ್ಜ?”

“ಅಜ್ಜ ಯಾಕೆ ಹತ್ತುತ್ತಿದ್ದಾನೆ ಅಂತ ಕೇಳ್ತಾರೆ.”

“ನಗ್ತಾ ಸುಮ್ನೆ ನಿಂತಿರೋ ಅಜ್ಜ?”

“ಯಾಕೆ ನಗ್ತಿದ್ದಾನೆ ಅಂತ ಕೇಳ್ತಾರೆ.”

ಹೀಗೆ ಹನ್ನೊಂದು ಕರಡು. ಪ್ರತಿಯೊಂದನ್ನೂ ಚೀಲದಲ್ಲಿಟ್ಟುಕೊಂಡು ಕಿನುಯೊ ಸರ್ಕಾರಿ ಕಚೇರಿಯ ಔಷಧ ವಿಭಾಗಕ್ಕೆ ಸಲಹೆ ಕೇಳಲು ಹೋದಳು, ಅಲ್ಲಿನ ಗುಮಾಸ್ತೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಬಾಣದ ಗುರುತು ಹೋಯಿತು. ಏರುವ ಸೂರ್ಯ ಹೋಯಿತು. ಬಿಳಿ ಅಂಗಿಯ ವೈದ್ಯನಂತೂ ಬಾಗಿಲಲ್ಲೇ ಹೋದ. ಒಂಬತ್ತನೆಯ ಕರಡಿನಲ್ಲಿ ಉಳಿದಿದ್ದ ಒಂದು ಬಾಗಿದ ಎಳ್ಳಿನ ಗಿಡವನ್ನು ನೋಡಿ ಆ ಗುಮಾಸ್ತೆ, “ಸುಗಿಮೊರಿ-ಸಾನ್, ಬೇಜಾರು ಮಾಡ್ಕೋಬೇಡಿ. ಈ ಗಿಡಾನೂ ಸ್ವಲ್ಪ ಮೊಣಕಾಲಿನ ಥರಾನೇ ಇದೆ” ಅಂದಳು. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಕಿನುಯೊ ಗಿಡವನ್ನೂ ಕಿತ್ತಳು.

ಕೊನೆಗೆ ಉಳಿದದ್ದು ಬಿಳಿ. ಒಳ್ಳೆ ನುಣುಪು ರಟ್ಟಿನ ಬಿಳಿ, ಅದರ ನಡುವೆ ತೆಳ್ಳಗಿನ ನೀಲಿ ಗೆರೆ, ಗೆರೆಯ ಕೆಳಗೆ ಚಿಕ್ಕದಾಗಿ ‘ಕೊಹಾರು’. ಹಿಂಬದಿಯ ಪಟ್ಟಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ‘ಎಳ್ಳು ಮತ್ತು ಶುಂಠಿಯ ಪುಡಿಯಿಂದ ಮಾಡಿದ ಆಹಾರ’. ಯಾವ ಕಚೇರಿಯೂ ಕೊಂಕು ತೆಗೆಯಲಿಲ್ಲ. ತೆಗೆಯುವುದಕ್ಕೆ ಅಲ್ಲಿ ಏನಿತ್ತು? ಯಜಮಾನನಿಗೂ ಅದು ನೋಡುತ್ತ ನೋಡುತ್ತ ಹಿಡಿಸಿತು. “ತುಂಬಾ ನಂಬಿಕೆ ಬರೋ ಹಾಗಿದೆ” ಅಂದ. ಆ ವರ್ಷ ಡಬ್ಬಿ ತಯಾರಕರ ಸಂಘದವರು ಅವಳಿಗೆ ಒಂದು ಬಹುಮಾನ ಕೊಟ್ಟರು: ಸುಳ್ಳು ಹೇಳದೆ ಚೊಕ್ಕವಾಗಿರುವ ಡಬ್ಬಿಗೆ. ಕಿನುಯೊ ಆ ಫಲಕವನ್ನು ಮನೆಗೆ ಒಯ್ಯಲಿಲ್ಲ, ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಳು. ಹೆಮ್ಮೆ ಇರಲಿಲ್ಲವೆಂದರೆ ಸುಳ್ಳಾದೀತು. ಇತ್ತು.

ನವೆಂಬರ್ ಕೊನೆಯಲ್ಲಿ ಅದೇ ಡಬ್ಬಿಯನ್ನು ಅರವತ್ತು ಸಾವಿರ ಮತ್ತೆ ಅಚ್ಚು ಹಾಕುವ ಆದೇಶ ಬಂತು. ಹಳೆಯ ಪ್ಲೇಟು, ಹಳೆಯ ಬಣ್ಣ. ಮಾದರಿ ಹಾಳೆಯ ಮೂಲೆಯಲ್ಲಿ ಕಿನುಯೊಳ ಕೆಂಪು ಮುದ್ರೆ ಬಿದ್ದರೆ ಯಂತ್ರ ಓಡುತ್ತದೆ. “ಬದಲಾವಣೆ ಏನೂ ಇಲ್ಲ, ಒತ್ತಿಬಿಡಿ” ಎಂದು ವಿಭಾಗದ ಮುಖ್ಯಸ್ಥ ಹಾಳೆಯನ್ನು ಮೇಜಿನ ಮೇಲಿಟ್ಟು ಹೋದ.

ಅದೇ ಮಧ್ಯಾಹ್ನ ಮುರೊಯಾ ಬಂದ.

ಮುರೊಯಾ ಮನೆಮನೆಗೆ ಮದ್ದಿಡುವವನು, ಎಪ್ಪತ್ತೊಂದು ವರ್ಷ. ಅವನ ಅಜ್ಜ ಬೆತ್ತದ ಪೆಟ್ಟಿಗೆ ಬೆನ್ನಿಗೆ ಕಟ್ಟಿ ನಡೆದ ದಾರಿಯಲ್ಲಿ ಇವನು ಸಣ್ಣ ವ್ಯಾನು ಓಡಿಸುತ್ತಾನೆ. ಗುಡ್ಡದ ಮನೆಗಳಲ್ಲಿ ಮದ್ದಿನ ಪೆಟ್ಟಿಗೆ ಇಟ್ಟಿರುತ್ತಾನೆ. ವರ್ಷಕ್ಕೆರಡು ಸಲ ಹೋಗಿ ಖರ್ಚಾದಷ್ಟಕ್ಕೆ ದುಡ್ಡು ಪಡೆದು, ಹಳತಾದದ್ದು ತೆಗೆದು, ಹೊಸದು ತುಂಬಿ, ಒಂದು ಲೋಟ ಚಹಾ ಕುಡಿದು ಬರುತ್ತಾನೆ. ಮೊಮೊಶಿಮಾದವರ ಸರಕೇ ಅವನ ಸರಕು. ತಿಂಗಳಿಗೊಮ್ಮೆ ಹರಿದ ಡಬ್ಬಿಗಳ ದೂರು ಹೊತ್ತು ಮುದ್ರಣಾಲಯಕ್ಕೂ ಬರುತ್ತಿದ್ದ, ಕಿನುಯೊಳನ್ನು ಗೇಲಿ ಮಾಡದೆ ಹೋಗುತ್ತಿರಲಿಲ್ಲ. ಅವತ್ತು ಗೇಲಿ ಇರಲಿಲ್ಲ.

“ಗುಡ್ಡದ ಮೇಲಿನ ತೋಗಾದ ಶಿಗೆನೊ ಅಜ್ಜಿ ಹನ್ನೆರಡು ದಿನ ಆಸ್ಪತ್ರೇಲಿತ್ತು” ಅಂದ, ಕುರ್ಚಿ ಎಳೆದುಕೊಳ್ಳದೆ. “ಪಿತ್ತಕೋಶದಲ್ಲಿ ಕಲ್ಲು ಸೇರಿ ಕೀವಾಗಿತ್ತಂತೆ. ಇನ್ನೊಂದು ದಿನ ಬಿಟ್ಟಿದ್ರೆ ನಾನು ಚಹಾ ಕುಡಿಯೋ ಬದ್ಲು ಊದುಬತ್ತಿ ಹಚ್ಚಿ ಬರ್ಬೇಕಿತ್ತು.”

“ಅಯ್ಯೋ. ಈಗ ಹೇಗಿದ್ದಾರೆ?”

“ಮನೆಗ್ ಬಂದಿದೆ. ನೀವು ಮಾಡಿದ ಬಿಳಿ ಡಬ್ಬೀದು ತಗೊಂಡಿದ್ಲು ಕಣಮ್ಮ. ನಾಲ್ಕು ದಿನ. ಬೆಳಿಗ್ಗೆ ಮೂರು, ಸಂಜೆ ಮೂರು, ಬಿಸಿನೀರಲ್ಲಿ.”

ಕಿನುಯೊಗೆ ಮೊದಲು ಅರ್ಥವಾಗಲಿಲ್ಲ. ಅದು ಎಳ್ಳು, ಅದರಿಂದ ಏನೂ ಕೆಡುಕಾಗದು ಅಂದಳು.

“ಕೆಡುಕಾಗ್ಲಿಲ್ಲ. ಏನೂ ಆಗ್ಲಿಲ್ಲ. ಅದೇ ತಾನೆ ತೊಂದ್ರೆ! ಕಳೆದ ಸಲ ಮೊಣಕಾಲು ಅಂತ ಗೊಣಗ್ತಾ ಇದ್ಲು, ತಿನ್ನೋ ಸಾಮಾನು ಅಂತ್ಲೇ ಹೇಳಿ ಕೈಗೆ ಕೊಟ್ಟೆ, ಪೆಟ್ಟಿಗೇಲಿ ನಾನು ಇಡ್ಲಿಲ್ಲ, ಇಡೋ ಹಾಗೂ ಇಲ್ಲ. ಬೆನ್ನು ತಿರುಗಿಸಿದ ಮೇಲೆ ಅಜ್ಜಿ ತಾನೇ ಮದ್ದಿನ ಪೆಟ್ಟಿಗೆಗೆ ಸೇರಿಸ್ಕೊಂಡಿದೆ. ಹೊಟ್ಟೆ ಹಿಂಡಿದಾಗ ಪೆಟ್ಟಿಗೆ ತೆಗೆದಿದೆ. ನಮ್ಮ ಕರಡಿ ಗುರುತಿನ ಹೊಟ್ಟೆನೋವಿನ ಮದ್ದು ಅಲ್ಲೇ ಕೂತಿತ್ತು. ಅದನ್ನ ಬಿಟ್ಟು ಇದನ್ನ ಎತ್ಕೊಂಡಿದೆ.”

“ಯಾಕೆ?”

“ನನ್ನ ಕೇಳ್ತೀರಾ? ನೀವು ಮಾಡಿದೋರು.”

ಮುರೊಯಾ ಹೋದ ಮೇಲೆ ಕಿನುಯೊ ಕರಡಿ ಗುರುತಿನ ಡಬ್ಬಿಯನ್ನು ಕಪಾಟಿನಿಂದ ತೆಗೆದು ಬಿಳಿ ಡಬ್ಬಿಯ ಪಕ್ಕ ಇಟ್ಟಳು. ಕರಡಿ ನೂರು ವರ್ಷಕ್ಕೂ ಹಿಂದಿನ ಮೀಜಿ ದೊರೆಯ ಕಾಲದ ಕರಡಿ: ಕೆಂಪು ಹಿನ್ನೆಲೆ, ಹಳದಿ ಅಂಚು, ಜಾತ್ರೆಯ ಆಟಿಕೆಯಂಥ ಮುಖ. ಅಕ್ಷರ ಬಾರದವರಿಗೂ ಕತ್ತಲಲ್ಲಿ ಸಿಗಲೆಂದು ಯಾರೋ ಬರೆದದ್ದು. ಅದರ ಒಳಗಿನ ಮಡಿಕೆ ಕಾಗದದಲ್ಲಿ ಒಂದು ಸಾಲು ಇತ್ತು. ಎಷ್ಟೋ ಸಲ ಅವಳೇ ಅದರ ಅಕ್ಷರ ತಿದ್ದಿದ್ದಳು. ಐದಾರು ಸಲ ತೆಗೆದುಕೊಂಡರೂ ನೋವು ಇಳಿಯದಿದ್ದರೆ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಮುರೊಯಾ ಹೇಳುತ್ತಿದ್ದ ಪ್ರಕಾರ ಶಿಗೆನೊ ಅಜ್ಜಿ ಬರೆದದ್ದನ್ನು ಓದಿ ನಡೆಯುವ ಜನ. ಕರಡಿಯನ್ನು ತೆಗೆದುಕೊಂಡಿದ್ದರೆ ಎರಡನೆಯ ದಿನಕ್ಕೇ ಡಾಕ್ಟರಿಗೆ ಫೋನು ಹೋಗುತ್ತಿತ್ತು. ಬಿಳಿ ಡಬ್ಬಿಯಲ್ಲಿ ಆ ಸಾಲಿಲ್ಲ. ಎಳ್ಳಿಗೆ ಆ ಸಾಲು ಯಾಕೆ ಬೇಕು?

ಯಾರಾದರೂ ಬಂದು ಇವೆರಡರಲ್ಲಿ ಮದ್ದು ಯಾವುದು ಎಂದು ಕೇಳಿದರೆ, ಸಣ್ಣ ಮಗು ಕೂಡ ಬಿಳಿಯದನ್ನೇ ತೋರಿಸೀತು. ಮೊಣಕಾಲು, ಅಜ್ಜ, ಬಾಣ, ಸೂರ್ಯ ಎಲ್ಲವನ್ನೂ ಅವಳು ತೆಗೆದುಹಾಕಿದ್ದಳು. ತೆಗೆಯುತ್ತ ತೆಗೆಯುತ್ತ ಆಸ್ಪತ್ರೆಯ ಕಪಾಟಿನಿಂದ ಎತ್ತಿ ತಂದ ಮುಖವೊಂದನ್ನು ಮಾಡಿಬಿಟ್ಟಿದ್ದಳು. ಅವಳಿಗೆ ಕೋಪ ಬರಬೇಕಿತ್ತು. ಆದರೆ ಸುಸ್ತು ಬಂತು. ಮೂವತ್ತಾರು ವರ್ಷದ ಸುಸ್ತು ಒಂದೇ ಮಧ್ಯಾಹ್ನ ಭುಜದ ಮೇಲೆ ಬಂದು ಕೂತಂತಾಯಿತು.

ಮುದ್ರೆ ಒತ್ತಲಿಲ್ಲ. ಮುಖ್ಯಸ್ಥ ಎರಡು ಸಲ ಬಂದು ಹೋದ. “ಕಾನೂನಿನ ಪ್ರಕಾರ ಎಲ್ಲಾ ಸರಿ ಇದೆ ತಾನೆ?” ಅಂದ. ಸರಿ ಇದೆ ಅಂದಳು. “ಮತ್ತಿನ್ನೇನು? ಮಾರ್ಚ್‌ವರೆಗೆ ತಣ್ಣಗಿದ್ದು ಹೋಗಬಾರದಾ?” ಅಂದ. ಅವನು ಕೆಟ್ಟವನಲ್ಲ, ಅವನಿಗೂ ಸುಸ್ತಾಗಿತ್ತು.

ವಾರವಿಡೀ ಕುಳಿತು ಕಿನುಯೊ ಹನ್ನೆರಡನೆಯ ಕರಡು ಮಾಡಿದಳು. ರಟ್ಟು ಬದಲಿಸಿದಳು: ಬಿಳುಪು ಮಾಡದ, ಹುರಿದ ಗೋಧಿಯ ಬಣ್ಣದ ಒರಟು ರಟ್ಟು. ನೀಲಿ ಗೆರೆ ತೆಗೆದಳು. ನಡುವೆ ಎಳ್ಳು ಹುರಿಯುವ ಮಣ್ಣಿನ ಬಾಣಲೆಯ ಚಿತ್ರ, ಒಂದೇ ಬಣ್ಣದಲ್ಲಿ. ಹಿಂಬದಿಯಲ್ಲಿ ಅವಿತಿದ್ದ ‘ಎಳ್ಳು ಮತ್ತು ಶುಂಠಿ’ಯನ್ನು ಎಳೆದು ತಂದು ಮುಂದೆ ಹೆಸರಿನಷ್ಟೇ ದೊಡ್ಡದಾಗಿ ನಿಲ್ಲಿಸಿದಳು. ಕೆಳಗೆ ಕನ್ನಡಕವಿಲ್ಲದೆ ಓದುವಷ್ಟು ದಪ್ಪವಾಗಿ, ‘ಇದು ಆಹಾರ, ಮದ್ದಲ್ಲ. ನೋವಿದ್ದರೆ ವೈದ್ಯರನ್ನು ಕಾಣಿ.’ ಸುತ್ತ ಖಾಲಿ ಜಾಗ ಮೊದಲಿನಷ್ಟೇ ಇತ್ತು. ನೋಡಲು ಚೊಕ್ಕವಾಗಿಯೇ ಇತ್ತು, ಅಡುಗೆಮನೆಯ ಚೊಕ್ಕ.

ಮೊಮೊಶಿಮಾ ಅದನ್ನು ಹಿಂದೆ ಮುಂದೆ ತಿರುಗಿಸಿದ.

“ಇದು ಸಾರಿಗೆ ಹಾಕೋ ಮಿಸೋ ಮಾರೋ ಅಂಗಡಿ ಸಾಮಾನಿನ ಥರ ಇದೆ ಸುಗಿಮೊರಿ-ಸಾನ್. ಬಿಳಿ ಡಬ್ಬಿ ಜನ ನಂಬಿ ತಗೊಳ್ತಾರೆ. ನೀವೇ ಮಾಡಿದ್ದು. ಬಹುಮಾನ ಬೇರೆ ಬಂದಿದೆ.”

“ನಂಬ್ತಾರೆ. ಏನಂತ ನಂಬ್ತಾರೆ ಅಂತ ಒಂದ್ಸಲ ನೋಡ್ಕೊಂಡು ಬರೋಣ. ಶಿಗೆನೊ ಅಜ್ಜಿಗೆ ಎರಡೂ ಡಬ್ಬಿ ಕೊಡೋಣ. ಏನೂ ಹೇಳೋದು ಬೇಡ. ಎಲ್ಲಿ ಇಡ್ತಾರೆ ಅಂತ ನೋಡೋಣ ಅಷ್ಟೆ. ಬಿಳೀದನ್ನ ಅಡುಗೆಮನೇಲಿಟ್ರೆ ನಾನು ಅಲ್ಲೇ ಮುದ್ರೆ ಒತ್ತಿಕೊಡ್ತೀನಿ.”

ಅವಳು ಮುದ್ರೆಯನ್ನು ಚೀಲದಲ್ಲಿಟ್ಟುಕೊಂಡಿದ್ದಳು. ಯಜಮಾನ ಅವಳ ಮುಖ ನೋಡಿದ. ಅಜ್ಜಿಯ ಸುದ್ದಿ ಮುರೊಯಾನಿಂದ ಅವನಿಗೂ ಮುಟ್ಟಿತ್ತು. ಬಹುಶಃ ಅಜ್ಜಿಗೆ ಹಣ್ಣಿನ ಬುಟ್ಟಿ ಕೊಟ್ಟು ಬರುವುದು ಹೇಗೂ ತನ್ನ ಮರ್ಯಾದೆ ಅನ್ನಿಸಿರಬೇಕು. ಒಪ್ಪಿದ.

ಮುರೊಯಾನ ವ್ಯಾನಿನಲ್ಲಿ ಮೂವರೂ ಗುಡ್ಡ ಹತ್ತಿದರು. ಮೊದಲ ಹಿಮ ಬಿದ್ದಿರಲಿಲ್ಲ, ಆಕಾಶ ಮಾತ್ರ ಬೀಳಿಸಲು ತಯಾರಾಗಿ ತಗ್ಗಿ ನಿಂತಿತ್ತು. ಕಿನುಯೊ ದಾರಿಯಲ್ಲಿ ಸಮುದ್ರಪಾಚಿಯ ಎಳೆ ಹೊದಿಸಿದ ಅನ್ನದುಂಡೆ ಬಿಚ್ಚಿದಳು, ಅರ್ಧ ತಿಂದು ಮತ್ತೆ ಕಟ್ಟಿದಳು.

ಶಿಗೆನೊ ಅಜ್ಜಿಗೆ ಎಂಬತ್ತಾರು. ಆಸ್ಪತ್ರೆಯಿಂದ ಬಂದು ಒಂಬತ್ತು ದಿನವಾಗಿತ್ತು, ಮುಖ ಇಳಿದಿತ್ತು, ಬಾಯಿ ಇಳಿದಿರಲಿಲ್ಲ.

“ಓಹೋ, ಮದ್ದಿನವನು! ಏನು ಹೊಟ್ಟೆ ಬಂದಿದೆ ನಿಂಗೆ, ನನ್ನಲ್ಲಿಂದ ತೆಗೆದ ಕಲ್ಲೆಲ್ಲ ನಿಂಗೆ ಹಾಕಿದ್ರಾ?”

“ನೋಡಿದ್ರಾ, ಇದಕ್ಕೆ ಸಾವು ಬರಲ್ಲ” ಎಂದು ಮುರೊಯಾ ನಕ್ಕ. ಯಜಮಾನನನ್ನು ಕಂಪನಿಯವರೆಂದೂ ಕಿನುಯೊಳನ್ನು ಡಬ್ಬಿ ಮಾಡುವವರೆಂದೂ ಪರಿಚಯಿಸಿದ. ಅಜ್ಜಿ ನೆಲಕ್ಕೆ ಹಣೆ ತಾಗಿಸಿ ನಮಸ್ಕರಿಸಿದಳು, ಇಬ್ಬರೂ ತಿರುಗಿ ನಮಸ್ಕರಿಸಿದರು. ಯಜಮಾನ ಹಣ್ಣಿನ ಬುಟ್ಟಿ ಮುಂದಿಟ್ಟ, ಚಹಾ ಬಂತು, ಮೂಲಂಗಿ ಉಪ್ಪಿನಕಾಯಿ ಬಂತು. ಆಮೇಲೆ ಮುರೊಯಾ ಕಾಗದದ ಚೀಲದಿಂದ ಎರಡು ಡಬ್ಬಿ ತೆಗೆದು ಚಾಪೆಯ ಮೇಲಿಟ್ಟ. “ಇದು ನಿಂಗೆ ಅಜ್ಜಿ, ಸುಮ್ನೆ” ಅಂದ, ಮತ್ತೇನೂ ಹೇಳಲಿಲ್ಲ.

ಅಜ್ಜಿ ಕಂದು ಡಬ್ಬಿಯನ್ನು ಎತ್ತಿದಳು. ದೂರ ಹಿಡಿದು ಓದಿದಳು. ಮುಚ್ಚಳ ತೆಗೆದು ಮೂಸಿದಳು. “ಎಳ್ಳು. ಇದನ್ನೇನು ಅನ್ನದ ಮೇಲೆ ಉದುರಿಸ್ಕೋಬೇಕಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗಿ ಅಡುಗೆಮನೆಯ ಚಹಾ ಡಬ್ಬಿಯ ಪಕ್ಕ ಇಟ್ಟು ಬಂದಳು. ಬಂದವಳು ಬಿಳಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ತೀರಿಹೋದ ಹಿರಿಯರನ್ನು ಪೂಜಿಸುವ ಪೀಠದ ಕೆಳಗೆ ಮದ್ದಿನ ಪೆಟ್ಟಿಗೆ ಇತ್ತು. ಅದರ ಸೆಳೆಖಾನೆ ಎಳೆದು, ಕರಡಿಯನ್ನು ಹಿಂದಕ್ಕೆ ತಳ್ಳಿ, ಮುಂದೆ ಕೈಗೆ ಸಿಗುವಂತೆ ಬಿಳಿಯದನ್ನು ಇಟ್ಟಳು.

ಕಿನುಯೊ ಯಜಮಾನನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಅಜ್ಜಿಯ ಮಾತು ಮುಗಿದಿರಲಿಲ್ಲ. “ಇದು ಖರ್ಚಾಗಿತ್ತು, ತಂದ್ಕೊಟ್ಟಿದ್ದು ಒಳ್ಳೇದಾಯ್ತು. ಆವತ್ತು ಇದು ಮನೇಲಿತ್ತು ಅಂತ ಬದುಕ್ದೆ. ಇದನ್ನ ತಗೊಂಡಿದ್ದಕ್ಕೇ ನಾಲ್ಕು ದಿನ ತಡೆದಿದ್ದು. ಇಲ್ದಿದ್ರೆ ಮೊದಲ್ನೇ ದಿನಾನೇ ಹೋಗ್ತಿದ್ದೆ.” ಕಿನುಯೊಳತ್ತ ತಿರುಗಿದಳು. “ನೀವೇ ಏನಮ್ಮ ಈ ಡಬ್ಬಿ ಮಾಡಿದ್ದು? ನೋಡಿದ್ ತಕ್ಷಣ ಗೊತ್ತಾಗತ್ತೆ ಇದು ದೊಡ್ಡ ಮದ್ದು ಅಂತ. ನಿಮ್ಮ ಉಪಕಾರ.” ಮತ್ತೆ ಹಣೆ ಚಾಪೆಗೆ ತಾಗಿಸಿದಳು, ಈ ಸಲ ಬರೀ ಕಿನುಯೊಗೆ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಗುಳಕ್ಕೆ ಅವಳು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದಳು. ಈ ನಮಸ್ಕಾರಕ್ಕೆ ತಯಾರಿರಲಿಲ್ಲ.

“ಅಜ್ಜಿ, ಅದು ಮದ್ದಲ್ಲ. ಇದೂ ಅದೂ ಒಂದೇ. ಆ ಕಂದು ಡಬ್ಬೀಲಿ ಇರೋದೇ ಇದರಲ್ಲೂ ಇರೋದು. ಎಳ್ಳು, ಶುಂಠಿ. ಅಷ್ಟೆ.”

ಅಜ್ಜಿ ಅವಳನ್ನು ನೋಡಿದಳು, ಮುರೊಯಾನನ್ನು ನೋಡಿದಳು, ಪಟ್ಟಣದವರು ಏನೋ ತಮಾಷೆ ಮಾಡುತ್ತಿದ್ದಾರೆಂದು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು.

“ಹೋಗಮ್ಮ! ಎಳ್ಳನ್ನ ಯಾರಾದ್ರೂ ಇಷ್ಟು ಬಿಳೀ ಡಬ್ಬೀಲಿ ಹಾಕ್ತಾರಾ?”

ಮೊಮೊಶಿಮಾ ತನ್ನ ಮಂಡಿಯ ಮೇಲಿನ ಕೈಗಳನ್ನು ನೋಡುತ್ತ ಕುಳಿತಿದ್ದ. ಡಬ್ಬಿಯನ್ನು ವಾಪಸು ಕೊಡಿ ಎಂದು ಕಿನುಯೊ ಕೇಳಿದಳು. ಅಜ್ಜಿ ಕೊಡಲೊಲ್ಲಳು, ಮನೆಯಲ್ಲಿ ಅದಿದ್ದರೆ ಧೈರ್ಯ, ಹಿಮ ಬಿದ್ದು ದಾರಿ ಮುಚ್ಚಿದರೆ ಅದೇ ಗತಿ ಅಂದಳು. ಆ ಮಾತು ಕೇಳಿ ಕಿನುಯೊ ಮಂಡಿ ಹಿಡಿದುಕೊಂಡು ಎದ್ದಳು, ಪೆಟ್ಟಿಗೆಯ ಹತ್ತಿರ ಹೋಗಿ ಕುಳಿತಳು, “ಕೊಡೋದು ಬೇಡ. ಒಂದ್ನಿಮಿಷ ಕೈಗೆ ಕೊಡಿ, ಸಾಕು” ಅಂದಳು.

ಚೀಲದಲ್ಲಿ ಮುದ್ರೆಯ ಜೊತೆ ಇರಬೇಕಾದ ಪೆನ್ನು ಇರಲಿಲ್ಲ, ಮೇಜಿನ ಮೇಲೆ ಬಿಟ್ಟು ಬಂದಿದ್ದಳು. ಅವಳು ತಡಕಾಡುವುದನ್ನು ನೋಡಿ ಮೊಮೊಶಿಮಾ ತನ್ನ ಕೋಟಿನ ಜೇಬಿನಿಂದ ದಪ್ಪ ಕಪ್ಪು ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಎರಡು ಕೈಯಲ್ಲಿ ಚಾಚಿದ.

ಹನ್ನೊಂದು ಕರಡುಗಳಲ್ಲಿ ಒಂದೊಂದೇ ಗೆರೆ ಕಿತ್ತು ಕಾಪಾಡಿದ ಬಿಳಿ ಅದು. ಅದರ ನಡುಮಧ್ಯೆ, ನೀಲಿ ಗೆರೆಯನ್ನೂ ಹೆಸರನ್ನೂ ತುಳಿದುಕೊಂಡು, ಕಿನುಯೊ ದೊಡ್ಡ ಕೊಳಕು ಅಕ್ಷರದಲ್ಲಿ ಬರೆದಳು: ‘ಎಳ್ಳು. ಶುಂಠಿ. ಮದ್ದಲ್ಲ. ಹೊಟ್ಟೆ ನೋವಾದರೆ ಡಾಕ್ಟರಿಗೆ ಫೋನ್ ಮಾಡಿ.’ ನುಣುಪು ರಟ್ಟಿಗೆ ಶಾಯಿ ಸರಿಯಾಗಿ ಹಿಡಿಯಲಿಲ್ಲ, ಕೊನೆಯ ಪದ ಅವಳ ಹೆಬ್ಬೆರಳಿಗೆ ಮೆತ್ತಿ ಮಸಿಯಾಯಿತು. ಮೂವತ್ತಾರು ವರ್ಷದಲ್ಲಿ ಇಷ್ಟು ಕೆಟ್ಟ ಡಬ್ಬಿಯನ್ನು ಅವಳು ಯಾರ ಕೈಗೂ ಕೊಟ್ಟಿರಲಿಲ್ಲ.

ಅಜ್ಜಿ ಡಬ್ಬಿಯನ್ನು ದೂರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎರಡನೆಯ ಸಲ ಓದುವಾಗ ಮುಖದ ನಗು ಹೋಯಿತು. ನಾಲ್ಕು ದಿನದ ಲೆಕ್ಕ ಅವಳ ಮನಸ್ಸಿನಲ್ಲಿ ಮತ್ತೊಮ್ಮೆ ನಡೆಯುತ್ತಿದ್ದಿರಬೇಕು. ಡಬ್ಬಿಯನ್ನು ಒಂದೇ ಕೈಯಲ್ಲಿ ಹಿಡಿದು, ಗೋಡೆಗೆ ಆತುಕೊಂಡು ಅಡುಗೆಮನೆಗೆ ಹೋಗಿ, ಚಹಾ ಡಬ್ಬಿಯ ಪಕ್ಕ ಇನ್ನೊಂದರ ಜೊತೆ ಇಟ್ಟಳು. ವಾಪಸು ಬಂದು ಸೆಳೆಖಾನೆಯಲ್ಲಿ ಕರಡಿಯನ್ನು ಮುಂದಕ್ಕೆ ಎಳೆದಳು.

“ಹೇಳೋದಾದ್ರೆ ಮೊದ್ಲೇ ಹೇಳ್ಬಾರದಿತ್ತೇನಮ್ಮ” ಅಂದಳು.

“ಹೇಳ್ಬೇಕಿತ್ತು ಅಜ್ಜಿ” ಅಂದಳು ಕಿನುಯೊ.

ಇಳಿಯುವ ದಾರಿಯಲ್ಲಿ ಹಿಮ ಶುರುವಾಯಿತು. ಮೊಮೊಶಿಮಾ, ಬಿಳಿಯದು ಗೋದಾಮಿನಲ್ಲಿ ಎಷ್ಟು ಉಳಿದಿದೆ ಎಂದು ಮುರೊಯಾನನ್ನು ಕೇಳಿದ. ಆಮೇಲೆ ಹಿಂದಿನ ಸೀಟಿನತ್ತ ಕೈ ಚಾಚಿ ಕಂದು ಡಬ್ಬಿಯ ಮಾದರಿ ಹಾಳೆ ಕೊಡಿ ಅಂದ. ಕಿನುಯೊ ಹಾಳೆಯನ್ನು ಮಂಡಿಯ ಮೇಲೆ ಹರವಿ, ವ್ಯಾನು ಒಂದು ತಿರುವಿನಲ್ಲಿ ನಿಲ್ಲುವವರೆಗೆ ಕಾದು, ಮೂಲೆಯಲ್ಲಿ ಮುದ್ರೆ ಒತ್ತಿ ಅವನ ಕೈಗೆ ಕೊಟ್ಟಳು. ಹೆಬ್ಬೆರಳಿನ ಮಸಿಯೂ ಪಕ್ಕದಲ್ಲೇ ಒಂದು ಗುರುತು ಬಿಟ್ಟಿತ್ತು.